ಸ್ಟೀಲ್ ಊಟದ ಡಬ್ಬಿ: ಮೂರು ನಿಮಿಷದ ಮಂಡನೆಯ ಕರಡನ್ನು ದಯವಿಟ್ಟು ನೋಡಿಕೊಡಿ

ಕೋಡಿಬಾಗದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ನಾವು ನಾಲ್ವರು ಸೇರಿ ವಿದ್ಯಾರ್ಥಿಗಳ ನವೋದ್ಯಮ ಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟಿದ್ದೇವೆ. ಖಾನಾವಳಿಗಳು ಪಾರ್ಸೆಲ್ ಊಟವನ್ನು ಪ್ಲಾಸ್ಟಿಕ್ ಡಬ್ಬಿಯ ಬದಲು ಸ್ಟೀಲ್ ಡಬ್ಬಿಯಲ್ಲಿ ಕಳಿಸುವಂತೆ ಮಾಡಿ, ಖಾಲಿ ಡಬ್ಬಿಯನ್ನು ವಾಪಸು ತಂದು ತೊಳೆದು ಮತ್ತೆ ಬಳಸುವುದು ನಮ್ಮ ಯೋಜನೆ. ಮಂಡನೆಗೆ ಮೂರು ನಿಮಿಷ, ಪ್ರಶ್ನೆಗಳಿಗೆ ಐದು ನಿಮಿಷ ಇದೆ. ಮೌಲ್ಯ ಪ್ರಸ್ತಾವ, ಅಂದರೆ ಹಣ ಕೊಡುವವರಿಗೆ ನಮ್ಮಿಂದ ಏನು ಲಾಭ ಎಂಬ ಮಾತು, ಸ್ಪಷ್ಟವಾಗಿರಬೇಕೆಂದು ಮಾರ್ಗದರ್ಶಕರು ಪದೇಪದೇ ಹೇಳುತ್ತಿದ್ದಾರೆ. ಕರಡಿನ ಮುಖ್ಯ ಭಾಗ ಹೀಗಿದೆ:

> "ಮಾನ್ಯ ತೀರ್ಪುಗಾರರೇ, ನಮ್ಮ ಊರಿನಲ್ಲಿ ದಿನಕ್ಕೆ ಸಾವಿರಾರು ಪ್ಲಾಸ್ಟಿಕ್ ಡಬ್ಬಿಗಳು ಕಸವಾಗುತ್ತಿವೆ, ಮಳೆಗಾಲದಲ್ಲಿ ಅವು ಕಾಳಿ ನದಿಯ ಮೂಲಕ ಸಮುದ್ರ ಸೇರುತ್ತಿವೆ. ಇದಕ್ಕೆ ಪರಿಹಾರವಾಗಿ ನಾವು ಸ್ಟೀಲ್ ಡಬ್ಬಿಯನ್ನು ತಂದಿದ್ದೇವೆ. ಒಂದು ಡಬ್ಬಿಯ ಬೆಲೆ 300 ರೂಪಾಯಿ. ಅದನ್ನು 300 ಬಾರಿ ಬಳಸಬಹುದಾದ್ದರಿಂದ ಒಂದು ಊಟಕ್ಕೆ ಬೀಳುವ ಖರ್ಚು ಒಂದೇ ರೂಪಾಯಿ. ಪ್ಲಾಸ್ಟಿಕ್ಕಿಗೆ ಖಾನಾವಳಿಯವರು 12 ರೂಪಾಯಿ ಕೊಡುತ್ತಿದ್ದಾರೆ. ನಮ್ಮ ಡಬ್ಬಿಯಲ್ಲಿ ಊಟ ಬಿಸಿಯಾಗಿಯೇ ಇರುತ್ತದೆ, ಸೋರುವುದಿಲ್ಲ, ತುಕ್ಕು ಹಿಡಿಯುವುದಿಲ್ಲ."

12 ರೂಪಾಯಿ ನಾವು ಊಹಿಸಿದ್ದಲ್ಲ. ಅನ್ನಕ್ಕೆ ಒಂದು ದೊಡ್ಡ ಡಬ್ಬಿ, ಸಾರು ಮತ್ತು ಪಲ್ಯಕ್ಕೆ ಎರಡು ಚಿಕ್ಕವು, ಮೇಲೊಂದು ಚೀಲ ಸೇರಿ ಗೆಳತಿಯ ಚಿಕ್ಕಮ್ಮನ ಖಾನಾವಳಿಯ ಬಿಲ್ಲುಗಳಿಂದ ತೆಗೆದ ಲೆಕ್ಕ. ಎಲ್ಲಿ ತಪ್ಪಿದೆಯೋ ಅಲ್ಲಿ ಧಾರಾಳವಾಗಿ ಬೈಯಿರಿ.

ಹಸಿರು ಅಂಕೋಲಾ

ತುಂಬ ಒಳ್ಳೆಯ ಪ್ರಯತ್ನ. ಆದರೆ ನಿಮ್ಮ ಬಲವಾದ ಅಸ್ತ್ರವನ್ನೇ ನೀವು ಬಿಟ್ಟಿದ್ದೀರಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ದೇಶದಾದ್ಯಂತ ನಿಷೇಧವಾಗಿದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಪಾರ್ಸೆಲ್ ಕೊಡುವುದೇ ಕಾನೂನುಬಾಹಿರವಾದ ಮೇಲೆ ಖಾನಾವಳಿಯವರಿಗೆ ನಿಮ್ಮ ಡಬ್ಬಿಯನ್ನು ಬಿಟ್ಟು ಬೇರೆ ದಾರಿಯೇ ಇಲ್ಲ. ಮಂಡನೆಯನ್ನು ಅಲ್ಲಿಂದಲೇ ಆರಂಭಿಸಿ.

ಲೆಕ್ಕದ ಮಾಸ್ತರರು, ಕುಮಟಾ

ಅಲ್ಲಿಂದ ಆರಂಭಿಸಿದರೆ ಮೊದಲ ಪ್ರಶ್ನೆಗೇ ಮಂಡನೆ ನೆಲ ಕಚ್ಚುತ್ತದೆ. 2022ರ ಪಟ್ಟಿಯಲ್ಲಿ ತಟ್ಟೆ, ಲೋಟ, ಚಮಚ, ಸ್ಟ್ರಾ, ಟ್ರೇ ಮುಂತಾದವುಗಳ ಹೆಸರಿದೆ, ಮುಚ್ಚಳವಿರುವ ಪಾರ್ಸೆಲ್ ಡಬ್ಬಿಯ ಹೆಸರಿಲ್ಲ. ಪೇಟೆಯಲ್ಲಿ ಅದು ರಾಜಾರೋಷವಾಗಿ ಮಾರಾಟವಾಗುತ್ತಿರುವುದನ್ನು ತೀರ್ಪುಗಾರರು ದಿನವೂ ನೋಡುತ್ತಾರೆ. ಕಾನೂನಿನ ಹೆದರಿಕೆಯ ಮೇಲೆ ನಿಂತ ವ್ಯಾಪಾರಕ್ಕೆ ಕಾನೂನೇ ಹಾಗೆ ಹೇಳದಿದ್ದಾಗ ಕಾಲೇ ಇರುವುದಿಲ್ಲ.

ತಂಗಿ, ಈಗ ನಿಮ್ಮ ಕರಡಿಗೆ ಬರುತ್ತೇನೆ. ಇಂಥ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಐದಾರು ಬಾರಿ ಕುಳಿತಿದ್ದೇನೆ. 'ಸಾವಿರಾರು ಡಬ್ಬಿ' ಎಂದೊಡನೆ ಅದನ್ನು ಎಣಿಸಿದವರು ಯಾರು ಎಂದು ಕೇಳುತ್ತೇವೆ, ಮತ್ತು ಎಣಿಸಿದವರು ಯಾರೂ ಇರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಆ ಒಂದು ರೂಪಾಯಿಯ ವಾಕ್ಯದಲ್ಲಿದೆ. ಸ್ಟೀಲ್ ಡಬ್ಬಿ 300 ಊಟಕ್ಕಲ್ಲ, 3000 ಊಟಕ್ಕೂ ಸವೆಯುವುದಿಲ್ಲ. ನಿಮ್ಮ ಡಬ್ಬಿ ಸವೆದು ಸಾಯುವುದಲ್ಲ, ಹೋದದ್ದು ವಾಪಸು ಬಾರದೆ ಸಾಯುವುದು. ಹಾಗಾಗಿ ಎಷ್ಟು ಬಾರಿ ಬಳಸಬಹುದು ಎಂಬುದು ಅಂಗಡಿಯವನ ಲೆಕ್ಕ. ನೂರು ಡಬ್ಬಿ ಹೊರಗೆ ಹೋದರೆ ಎಷ್ಟು ಮನೆಗೆ ಬರುತ್ತವೆ ಎಂಬುದು ನಿಮ್ಮ ಲೆಕ್ಕವಾಗಬೇಕು. ನೂರರಲ್ಲಿ ಐದು ಬಾರದಿದ್ದರೆ ಒಂದು ಡಬ್ಬಿಯ ಸರಾಸರಿ ಆಯುಷ್ಯ 20 ಊಟ, ಎರಡು ಬಾರದಿದ್ದರೆ 50 ಊಟ. 300 ಊಟ ಬೇಕೆಂದರೆ ಮುನ್ನೂರು ಬಾರಿ ಕಳಿಸಿದಾಗ ಒಂದೇ ಒಂದು ಕಳೆಯಬೇಕು. ನೀವು ಪ್ರಯೋಗ ಮಾಡಿ ನೋಡಿದ್ದೀರಾ? ಮಾಡಿದ್ದರೆ ಆ ಅಂಕಿಗಳನ್ನು ಇಲ್ಲಿ ಹಾಕಿ.

ಹೊನ್ನಾವರದ ಗೃಹಿಣಿ

ನನ್ನ ಮಗ ನಾಲ್ಕನೆಯ ತರಗತಿಯಲ್ಲಿದ್ದಾನೆ. ಅವನ ಡಬ್ಬಿಯಿಂದ ಮಜ್ಜಿಗೆ ಸೋರಿ ಪುಸ್ತಕಗಳೆಲ್ಲ ಹಾಳಾಗುತ್ತಿವೆ. ನಿಮ್ಮ ಡಬ್ಬಿ ಹೊನ್ನಾವರದಲ್ಲಿ ಎಲ್ಲಿ ಸಿಗುತ್ತದೆ, ಅದಕ್ಕೆ ಎರಡು ಖಾನೆ ಇದೆಯೇ?

ಕೋಡಿಬಾಗದ ಹುಡುಗಿ

ಅಕ್ಕ, ನಾವು ಡಬ್ಬಿ ಮಾರುವುದಿಲ್ಲ, ಖಾನಾವಳಿಯ ಊಟ ಅದರಲ್ಲಿ ಬರುತ್ತದೆ ಅಷ್ಟೆ. ಕರಡನ್ನು ಓದಿದವರಿಗೆ ನಾವು ಡಬ್ಬಿ ಮಾರುವವರೆಂದು ಅನ್ನಿಸುತ್ತದೆ ಎಂದಾದರೆ ಅದು ಕರಡಿನದೇ ತಪ್ಪು. ಗುರುತು ಹಾಕಿಕೊಂಡೆ.

ಮಾಸ್ತರರೇ, ಪ್ರಯೋಗ ಮಾಡಿದ್ದೇವೆ. 60 ಡಬ್ಬಿ ತಂದು ಅದೇ ಖಾನಾವಳಿಯಲ್ಲಿ 18 ದಿನ ಓಡಿಸಿದೆವು. ಒಟ್ಟು 412 ಊಟ ಹೋದವು. ಪ್ರಯೋಗ ಮುಗಿದು ಒಂದು ವಾರ ಕಾದ ಮೇಲೂ 17 ಡಬ್ಬಿಗಳು ಬರಲಿಲ್ಲ. ಶೇಕಡಾ 96 ವಾಪಸು ಬಂದವು ಎಂದು ಹೇಳಬಹುದೆಂದು ನಾವು ಖುಷಿಯಲ್ಲಿದ್ದೆವು.

ಲೆಕ್ಕದ ಮಾಸ್ತರರು, ಕುಮಟಾ

ಖುಷಿಪಡುವ ಮೊದಲು ಭಾಗಿಸಿ ನೋಡಿ. 17 ಡಬ್ಬಿಗೆ ತಲಾ 300ರಂತೆ 5,100 ರೂಪಾಯಿ ಹೋಯಿತು. ಅದನ್ನು 412 ಊಟಕ್ಕೆ ಹಂಚಿದರೆ ಊಟವೊಂದಕ್ಕೆ 12 ರೂಪಾಯಿ 38 ಪೈಸೆ ಬೀಳುತ್ತದೆ. ತೊಳೆಯುವ ಕೂಲಿ ಮತ್ತು ಸೋಪಿಗೆ ಎರಡು ರೂಪಾಯಿ ಹಿಡಿದರೂ 14 ದಾಟಿತು. ನೀವು ಹೊಡೆಯಲು ಹೊರಟಿರುವ ಪ್ಲಾಸ್ಟಿಕ್ಕಿನ ಬೆಲೆ 12. ಶೇಕಡಾ 96 ಎಂಬ ಅಂಕಿಯನ್ನು ಪರೀಕ್ಷೆಯ ಅಂಕಪಟ್ಟಿಯಲ್ಲಿ ಕಂಡರೆ ಮನೆಯವರು ಸಿಹಿ ಹಂಚುತ್ತಾರೆ, ಇಲ್ಲಿ ಅದು ನಷ್ಟದ ಅಂಕಿ.

ಆದರೆ ಇದರಿಂದ ಎದೆಗುಂದಬೇಡಿ. ಆ 17 ಡಬ್ಬಿಗಳು ಯಾರ ಬಳಿ ಉಳಿದವು? ದಿನವೂ ಊಟ ತರಿಸುವವರು ಎಷ್ಟು, ದಾರಿಯಲ್ಲಿ ಹೋಗುವಾಗ ಕಟ್ಟಿಸಿಕೊಂಡು ಹೋದವರು ಎಷ್ಟು ಎಂದು ಬಿಡಿಸಿ ಹೇಳಿ.

ಕೋಡಿಬಾಗದ ಹುಡುಗಿ

ರಾತ್ರಿಯೆಲ್ಲ ಕುಳಿತು ನೋಟ್‌ಬುಕ್ಕಿನಿಂದ ಬಿಡಿಸಿದೆವು. ತಿಂಗಳ ಲೆಕ್ಕದವರಿಗೆ, ಅಂದರೆ ಬ್ಯಾಂಕಿನವರು, ಬಾಡಿಗೆ ಕೋಣೆಯಲ್ಲಿರುವ ಉಪನ್ಯಾಸಕರು, ಬೈತಖೋಲ ಬಂದರಿನ ಕಚೇರಿಗಳವರು ಇಂಥವರಿಗೆ 286 ಊಟ ಹೋಗಿದ್ದವು, ಕಳೆದದ್ದು 3 ಡಬ್ಬಿ. ಉಳಿದ 126 ಊಟಗಳನ್ನು ಲಾಡ್ಜಿನವರು, ಬಸ್ಸಿಗೆ ಹೊರಟವರು, ಸಮುದ್ರ ದಂಡೆಗೆ ಬಂದ ಪ್ರವಾಸಿಗರು ಒಯ್ದಿದ್ದರು, ಅವರಲ್ಲಿ ಕಳೆದದ್ದು 14. ಮಾಸ್ತರರ ರೀತಿಯಲ್ಲೇ ಭಾಗಿಸಿದರೆ ತಿಂಗಳ ಗಿರಾಕಿಗೆ ಊಟಕ್ಕೆ 3 ರೂಪಾಯಿ 15 ಪೈಸೆ, ದಾರಿಹೋಕ ಗಿರಾಕಿಗೆ 33 ರೂಪಾಯಿ 33 ಪೈಸೆ. ಎರಡನ್ನೂ ಒಂದೇ ಸರಾಸರಿಯಲ್ಲಿ ಬೆರೆಸಿದ್ದರಿಂದ ನಮಗೆ ಏನೂ ಕಾಣಿಸಿರಲಿಲ್ಲ.

ಲೆಕ್ಕದ ಮಾಸ್ತರರು, ಕುಮಟಾ

ನೀವು ಹುಡುಕುತ್ತಿದ್ದ ಮೌಲ್ಯ ಪ್ರಸ್ತಾವ ಇಲ್ಲೇ ಇದೆ. ತಿಂಗಳ ಗಿರಾಕಿಯ 3.15ಕ್ಕೆ ತೊಳೆಯುವ 2 ರೂಪಾಯಿ ಕೂಡಿದರೆ 5 ರೂಪಾಯಿ 15 ಪೈಸೆ, ಪ್ಲಾಸ್ಟಿಕ್ಕಿನ 12ರ ಎದುರು ಊಟವೊಂದಕ್ಕೆ ಸುಮಾರು 6 ರೂಪಾಯಿ 85 ಪೈಸೆ ಉಳಿತಾಯ. ಪ್ರವಾಸಿಗರಿಗೆ ಕೊಡುವುದಿಲ್ಲ ಎಂದು ಮಂಡನೆಯಲ್ಲಿ ಎದೆ ತಟ್ಟಿ ಹೇಳಿ. ಯಾರಿಗೆ ಕೊಡುವುದಿಲ್ಲ ಎಂದು ತಿಳಿದಿರುವ ತಂಡವನ್ನು ತೀರ್ಪುಗಾರರು ಗಂಭೀರವಾಗಿ ನೋಡುತ್ತಾರೆ.

ಹಣ ಕೊಡುವವರು ಯಾರು ಎಂಬುದನ್ನೂ ಸ್ಪಷ್ಟಪಡಿಸಿಕೊಳ್ಳಿ. ಊಟ ಮಾಡುವವನಿಗೆ 12 ರೂಪಾಯಿ ಕಾಣಿಸುವುದೇ ಇಲ್ಲ, ಅದು ಊಟದ ಬೆಲೆಯೊಳಗೆ ಅಡಗಿದೆ. ಅದು ಚುಚ್ಚುವುದು ಖಾನಾವಳಿಯ ಮಾಲಕರಿಗೆ. ಆದ್ದರಿಂದ ಮಂಡನೆ ಅವರ ಗಲ್ಲಾಪೆಟ್ಟಿಗೆಯಿಂದ ಆರಂಭವಾಗಲಿ, ಸಮುದ್ರದಿಂದ ಬೇಡ.

ಕಾಜುಬಾಗದ ಖಾನಾವಳಿ

ನಾನು ಹನ್ನೊಂದು ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ಇವರು ಪ್ರಯೋಗ ಮಾಡಿದ್ದು ನನ್ನಲ್ಲಲ್ಲ, ಆದರೆ ಎರಡು ವರ್ಷದ ಹಿಂದೆ ನಾನೇ ಇಪ್ಪತ್ತು ಡಬ್ಬಿ ತಂದು ಕೈ ಸುಟ್ಟುಕೊಂಡಿದ್ದೇನೆ. ಸೋರುವುದಿಲ್ಲ ಎಂಬ ಮಾತನ್ನು ದಯವಿಟ್ಟು ಹೇಳಬೇಡಿ. ಹನ್ನೆರಡು ಗಂಟೆಯ ಗಡಿಬಿಡಿಯಲ್ಲಿ ಕುದಿಯುವ ಮೀನಿನ ಸಾರನ್ನು ಬಾಯಿಮಟ್ಟ ಹಾಕಿ ಮುಚ್ಚಳ ಒತ್ತಿದರೆ ಒಳಗಿನ ಹಬೆ ರಬ್ಬರನ್ನು ನೂಕುತ್ತದೆ. ಸ್ಕೂಟರು ರಸ್ತೆಯ ಎರಡು ಉಬ್ಬು ಹಾರಿದ ಕೂಡಲೇ ಚೀಲದ ತಳ ಕೆಂಪಾಗುತ್ತದೆ. ಅಷ್ಟಕ್ಕೆ ಮುಗಿಯುವುದಿಲ್ಲ. ಒಂದು ಗಂಟೆಯ ಹೊತ್ತಿಗೆ ಸಾರು ಆರಿ ಹಬೆ ಇಳಿದಾಗ ಮುಚ್ಚಳ ಒಳಕ್ಕೆ ಹೀರಿಕೊಂಡು ಕೂರುತ್ತದೆ, ಆಗ ಎರಡು ಕೈ ಹಾಕಿದರೂ ಏಳುವುದಿಲ್ಲ. ನಮ್ಮ ಗಿರಾಕಿಯೊಬ್ಬರು ಚಮಚದ ತುದಿ ಹಾಕಿ ಮೀಟಿದರು, ಅಂಚು ಕೂದಲೆಳೆಯಷ್ಟು ಬಾಗಿತು, ಆ ಮುಚ್ಚಳ ಮತ್ತೆಂದೂ ಸರಿಯಾಗಿ ಕೂರಲಿಲ್ಲ. ಇಪ್ಪತ್ತರಲ್ಲಿ ಆರು ಡಬ್ಬಿ ಹೀಗೆಯೇ ಹೋದವು, ಕಳ್ಳತನದಿಂದಲ್ಲ.

ಇನ್ನೊಂದು, ಬಿಸಿಯಾಗಿ ಇಡುತ್ತದೆ ಎಂಬುದೂ ಸುಳ್ಳು. ಒಂದೇ ಪದರದ ಸ್ಟೀಲಿನಲ್ಲಿ ಊಟ ಹೆಚ್ಚು ಹೊತ್ತು ಬಿಸಿಯಾಗಿ ಉಳಿಯುವುದಿಲ್ಲ. ಕೈಯಲ್ಲಿ ಹಿಡಿದರೆ ಸುಡುತ್ತದೆ ಎಂದರೆ ಬಿಸಿ ಹೊರಗೆ ಹೋಗುತ್ತಿದೆ ಎಂದೇ ಅರ್ಥವಲ್ಲವೇ?

ಪಾತ್ರೆ ಅಂಗಡಿ, ಶಿರಸಿ

ಅಕ್ಕ ಹೇಳಿದ್ದು ಅಕ್ಷರಶಃ ಸತ್ಯ. ಬಿಸಿ ಉಳಿಯಬೇಕಾದರೆ ಎರಡು ಪದರದ ನಡುವೆ ಗಾಳಿ ತೆಗೆದ ಡಬ್ಬಿ ಬೇಕು, ಅದು 300ಕ್ಕೆ ಬರುವುದಿಲ್ಲ. ಮುಚ್ಚಳದ ತೊಂದರೆಗೆ ನಡುವೆ ಸಣ್ಣ ಸಿಲಿಕಾನ್ ಬಿರಡೆ ಇರುವ ಮಾದರಿ ಸಿಗುತ್ತದೆ. ಮುಚ್ಚುವಾಗ ಬಿರಡೆ ಎತ್ತಿಟ್ಟು, ಹಬೆ ಹೋದ ಮೇಲೆ ಒತ್ತಬೇಕು. ತೆರೆಯುವಾಗ ಮೊದಲು ಬಿರಡೆ ಎತ್ತಿದರೆ ಗಾಳಿ ಒಳಗೆ ನುಗ್ಗಿ ಮುಚ್ಚಳ ತಾನಾಗಿ ಸಡಿಲಾಗುತ್ತದೆ. ಬಿರಡೆ ಇದ್ದರೂ ಸಾರಿನ ಮೇಲೆ ಒಂದು ಬೆರಳಿನಷ್ಟು ಜಾಗ ಬಿಡಲೇಬೇಕು. ಡಬ್ಬಿ ಕೊಳ್ಳುವ ಮೊದಲು ತಣ್ಣೀರು ತುಂಬಿ ಅಲ್ಲಾಡಿಸಿ ನೋಡುವುದು ವ್ಯರ್ಥ. ಬಿಸಿನೀರು ತುಂಬಿ, ಹಳೆಯ ಪತ್ರಿಕೆಯ ಮೇಲೆ ಹತ್ತು ನಿಮಿಷ ಮಗುಚಿಡಿ. ಕಾಗದದ ಮೇಲೆ ಉಂಗುರ ಮೂಡಿತೋ ಇಲ್ಲವೋ ಎಂಬುದೇ ಉತ್ತರ.

ಹಸಿರು ಅಂಕೋಲಾ

ತುಕ್ಕಿನ ವಿಷಯದಲ್ಲಾದರೂ ನಾನು ಹೇಳುವುದನ್ನು ಕೇಳಿ. ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ 304 ದರ್ಜೆಯ ಸ್ಟೀಲು, ಅಂಟಿದರೆ ಕಳಪೆ. ಇದನ್ನು ವೇದಿಕೆಯ ಮೇಲೆ ಮಾಡಿ ತೋರಿಸಿದರೆ ಚಪ್ಪಾಳೆ ಖಂಡಿತ.

ಪಾತ್ರೆ ಅಂಗಡಿ, ಶಿರಸಿ

ಇದು ಅರ್ಧ ಸರಿ. ಚೆನ್ನಾಗಿ ಗಟ್ಟಿಯಾಗಿ ಅಂಟಿದರೆ ಅದರಲ್ಲಿ ನಿಕ್ಕಲ್ ಇಲ್ಲ ಎನ್ನಬಹುದು. ಆದರೆ ಅಂಟದಿದ್ದ ಮಾತ್ರಕ್ಕೆ 304 ಆಗುವುದಿಲ್ಲ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 202 ದರ್ಜೆಯೂ ಅಂಟುವುದಿಲ್ಲ, ಪೇಟೆಯ ಅಗ್ಗದ ಡಬ್ಬಿಗಳಲ್ಲಿ ಬಹಳಷ್ಟು ಅದೇ. ಮತ್ತೆ ಅಸಲಿ 304 ಕೂಡ ಅಚ್ಚಿನಲ್ಲಿ ಎಳೆದ ಮೂಲೆಗಳಲ್ಲಿ ತುಸು ಅಂಟುತ್ತದೆ. ವೇದಿಕೆಯ ಮೇಲೆ ನಿಮ್ಮದೇ ಡಬ್ಬಿಯ ಮೂಲೆಗೆ ಅಯಸ್ಕಾಂತ ಅಂಟಿ ಕುಳಿತರೆ ಚಪ್ಪಾಳೆಯ ಬದಲು ನಗು ಬರುತ್ತದೆ. ಮ್ಯಾಂಗನೀಸ್ ಇದೆಯೇ ಎಂದು ತೋರಿಸುವ ಪರೀಕ್ಷಾ ದ್ರಾವಣ ಗುಜರಿಯವರ ಬಳಿ ಇರುತ್ತದೆ. ಒಂದು ಹನಿ ಹಾಕಿ ಸಣ್ಣ ಬ್ಯಾಟರಿ ಮುಟ್ಟಿಸಿದರೆ 202 ಕೆಂಪಾಗುತ್ತದೆ.

ನಿಮ್ಮ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ಶಿರಸಿಯಲ್ಲಿ ವರ್ಷಗಟ್ಟಲೆ ಬಾಳುವ ಡಬ್ಬಿ ಕಾರವಾರದ ಉಪ್ಪುಗಾಳಿಯಲ್ಲಿ, ಮುರುಗಲು ಹಾಕಿದ ಸಾರಿನ ಉಪ್ಪು ಹುಳಿ ಎರಡನ್ನೂ ರಾತ್ರಿಯಿಡೀ ಹೊತ್ತು ಕುಳಿತರೆ ಚುಕ್ಕಿ ಚುಕ್ಕಿಯಾಗಿ ಕಂದುತ್ತದೆ. ಮೊದಲು ಕೆಡುವುದು ಡಬ್ಬಿಯಲ್ಲ, ಪಕ್ಕದ ಕ್ಲಿಪ್ಪಿನ ಸಣ್ಣ ಕಡ್ಡಿ, ಏಕೆಂದರೆ ಅದನ್ನು ಬೇರೆ ಸ್ಟೀಲಿನಲ್ಲಿ ಮಾಡಿರುತ್ತಾರೆ. ಕಬ್ಬಿಣದ ತಂತಿಬ್ರಶ್ಶಿನಿಂದ ಉಜ್ಜಬೇಡಿ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಬೇಡಿ. 'ತುಕ್ಕು ಹಿಡಿಯುವುದಿಲ್ಲ' ಎನ್ನುವ ಬದಲು 'ಖಾಲಿ ಡಬ್ಬಿ ಅದೇ ಸಂಜೆ ವಾಪಸು ಬರುತ್ತದೆ, ಆದ್ದರಿಂದ ಹುಳಿ ಕುಳಿತುಕೊಳ್ಳುವುದಿಲ್ಲ' ಎಂದರೆ ನಿಜವೂ ಹೌದು, ನಿಮ್ಮ ವ್ಯವಸ್ಥೆಯ ಬಣ್ಣನೆಯೂ ಹೌದು.

ಯಲ್ಲಾಪುರ ರಸ್ತೆ

ನಾನು ಕಾರವಾರದಲ್ಲಿ ಕೆಲಸದ ಮೇಲಿರುವ ಶಿರಸಿ ಕಡೆಯವನು, ಶಾಕಾಹಾರಿ, ತಿಂಗಳ ಲೆಕ್ಕದಲ್ಲಿ ಊಟ ತರಿಸುತ್ತೇನೆ. ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತನ್ನು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಿನ್ನೆ ಬಂಗಡೆ ಸಾರು ಹೋದ ಡಬ್ಬಿಯಲ್ಲಿ ಇಂದು ನನ್ನ ತಂಬುಳಿ ಬಂದರೆ ನನಗೆ ಊಟ ಇಳಿಯುವುದಿಲ್ಲ. ಎಷ್ಟೇ ತೊಳೆದರೂ ಮುಚ್ಚಳದ ರಬ್ಬರು ಆ ವಾಸನೆಯನ್ನು ಬಿಡುವುದಿಲ್ಲ. ಮೀನಿನ ಮಾತು ಬಿಡಿ, ಯಾರೋ ಉಂಡ ಡಬ್ಬಿ ಎಂಬ ಎಂಜಲಿನ ಭಾವನೆಯೂ ನಮ್ಮ ಕಡೆ ಅನೇಕರಿಗಿದೆ. ಹೋಟೆಲಿನ ತಟ್ಟೆಯಲ್ಲಿ ಉಣ್ಣುವುದಿಲ್ಲವೇ ಎಂದು ವಾದಿಸಬಹುದು. ವಾದದಲ್ಲಿ ನೀವು ಗೆಲ್ಲುತ್ತೀರಿ, ಗಿರಾಕಿಯನ್ನು ಕಳೆದುಕೊಳ್ಳುತ್ತೀರಿ.

ಪಾತ್ರೆ ಅಂಗಡಿ, ಶಿರಸಿ

ಇದಕ್ಕೆ ನಮ್ಮಲ್ಲಿ ಹಳೆಯ ಉಪಾಯ ಇದೆ: ಹೆಸರು ಕೊರೆಸುವುದು. ದೇವಸ್ಥಾನದ ಪಾತ್ರೆಯನ್ನು ಮದುವೆಗೆ ಒಯ್ದವರು ವಾಪಸು ತಂದುಕೊಡುವುದು ಅದರ ಕಂಠದ ಮೇಲೆ ದೇವರ ಹೆಸರು ಕೊರೆದಿರುವುದರಿಂದ. ಪ್ರತಿ ತಿಂಗಳ ಗಿರಾಕಿಗೂ ಅವರದೇ ಸಂಖ್ಯೆ ಕೊರೆದ ಎರಡು ಡಬ್ಬಿ ಇಡಿ. ಒಂದು ಅವರ ಬಳಿ ಇರುವಾಗ ಇನ್ನೊಂದು ಖಾನಾವಳಿಯಲ್ಲಿ ತೊಳೆದು ಒಣಗುತ್ತಿರುತ್ತದೆ. ಅವರ ಡಬ್ಬಿಯಲ್ಲಿ ಇನ್ನೊಬ್ಬರ ಊಟ ಎಂದೂ ಹೋಗುವುದಿಲ್ಲ. ಮುಂಬಯಿಯ ಡಬ್ಬಾವಾಲಾಗಳು 1890ರ ದಶಕದಿಂದ ಸಾಗಿಸುತ್ತಿರುವುದೂ ಗುರುತು ಬರೆದ, ಗಿರಾಕಿಯದೇ ಆದ ಡಬ್ಬಿಯನ್ನು.

ಲೆಕ್ಕದ ಮಾಸ್ತರರು, ಕುಮಟಾ

ಒಂದೇ ಏಟಿಗೆ ಎರಡು ಹಕ್ಕಿ. ಎಂಜಲಿನ ಪ್ರಶ್ನೆಯೂ ಹೋಯಿತು, ಯಾವ ಡಬ್ಬಿ ಯಾರ ಬಳಿ ಇದೆ ಎಂಬ ಗೊಂದಲವೂ ಹೋಯಿತು. ಬಂಡವಾಳ ಎಷ್ಟು ಬೇಕೆಂದು ಈಗ ಲೆಕ್ಕ ಹಾಕಬಹುದು. 30 ಗಿರಾಕಿಗೆ ಎರಡೆರಡರಂತೆ 60, ಜೊತೆಗೆ ಹೆಚ್ಚುವರಿ 6, ಒಟ್ಟು 66 ಡಬ್ಬಿ, 19,800 ರೂಪಾಯಿ. ತಿಂಗಳಿಗೆ 25 ದಿನದಂತೆ 750 ಊಟಕ್ಕೆ ಸುಮಾರು 5,100 ರೂಪಾಯಿ ಉಳಿಯುತ್ತದೆ, ಅಂದರೆ ನಾಲ್ಕು ತಿಂಗಳಿಗೆ ಹಾಕಿದ ಹಣ ವಾಪಸು. ಕಳೆದ ಡಬ್ಬಿಗಳ ಬೆಲೆ ಊಟದ ಖರ್ಚಿನಲ್ಲೇ ಸೇರಿದೆ ಎಂದು ಕೇಳಿದವರಿಗೆ ಹೇಳಿ. ಆದರೆ 3 ಡಬ್ಬಿಯ ನಷ್ಟ 18 ದಿನದ ಅನುಭವ ಮಾತ್ರ ಎಂಬುದನ್ನು ನೀವಾಗಿಯೇ ಒಪ್ಪಿಕೊಳ್ಳಿ. ಅದು ಮೂರರ ಬದಲು ಆರಾಗಿದ್ದರೆ ಉಳಿತಾಯ ಊಟಕ್ಕೆ 3 ರೂಪಾಯಿ 70 ಪೈಸೆಗೆ ಇಳಿಯುತ್ತಿತ್ತು.

ಕೋಡಿಬಾಗದ ಹುಡುಗಿ

ನಾಲ್ಕು ದಿನ ತಿದ್ದಿದ ಮೇಲೆ ಈಗಿನ ರೂಪ ಇದು. ಗಟ್ಟಿಯಾಗಿ ಓದಿದರೆ ಎರಡು ನಿಮಿಷದೊಳಗೆ ಮುಗಿಯುತ್ತದೆ, ಉಳಿದ ಸಮಯಕ್ಕೆ ಡಬ್ಬಿಯ ಬಿರಡೆ ಎತ್ತಿ ತೋರಿಸುತ್ತೇವೆ.

> "ಇದು ಕಾರವಾರದ ಒಂದು ಖಾನಾವಳಿಯ ಬಿಲ್ಲು. ಊಟ ಕಟ್ಟಿಕೊಡುವುದಕ್ಕೆ ಪ್ಲಾಸ್ಟಿಕ್ಕಿಗೆಂದು ಇಲ್ಲಿ ಊಟವೊಂದಕ್ಕೆ 12 ರೂಪಾಯಿ ಹೋಗುತ್ತದೆ, ಆ ಹಣವನ್ನು ಗಿರಾಕಿ ಕಸದ ಬುಟ್ಟಿಗೆ ಹಾಕುತ್ತಾನೆ. ನಾವು ಸ್ಟೀಲ್ ಡಬ್ಬಿ ಕೊಟ್ಟು 18 ದಿನ ನೋಡಿದೆವು. ಪ್ರವಾಸಿಗರಿಗೆ ಕೊಟ್ಟಾಗ ಒಂಬತ್ತರಲ್ಲಿ ಒಂದು ಡಬ್ಬಿ ಬರಲಿಲ್ಲ, ಆದ್ದರಿಂದ ಅವರಿಗೆ ಕೊಡುವುದನ್ನು ನಿಲ್ಲಿಸಿದ್ದೇವೆ. ತಿಂಗಳ ಗಿರಾಕಿಗಳಿಗೆ ಹೋದ 286 ಊಟಗಳಲ್ಲಿ ಮೂರು ಡಬ್ಬಿ ಮಾತ್ರ ಬರಲಿಲ್ಲ. ಆ ನಷ್ಟ ಮತ್ತು ತೊಳೆಯುವ ಖರ್ಚು ಸೇರಿ ಊಟಕ್ಕೆ 5 ರೂಪಾಯಿ 15 ಪೈಸೆ ಬಿತ್ತು. ಈಗ ಪ್ರತಿ ತಿಂಗಳ ಗಿರಾಕಿಗೂ ಅವರ ಸಂಖ್ಯೆ ಕೊರೆದ ಎರಡು ಡಬ್ಬಿ ಇರುತ್ತವೆ. ಅವರ ಡಬ್ಬಿಯಲ್ಲಿ ಬೇರೆಯವರ ಊಟ ಹೋಗುವುದಿಲ್ಲ. ಖಾಲಿ ಡಬ್ಬಿಯನ್ನು ಅದೇ ಸಂಜೆ ನಾವೇ ತರುತ್ತೇವೆ. ಮೂವತ್ತು ಗಿರಾಕಿಗಳಿರುವ ಖಾನಾವಳಿಗೆ ಡಬ್ಬಿಯ ಹಣ ಸುಮಾರು ನಾಲ್ಕು ತಿಂಗಳಲ್ಲಿ ಹುಟ್ಟುತ್ತದೆ. ಊಟವನ್ನು ಇದು ಬಿಸಿಯಾಗಿ ಇಡುವುದಿಲ್ಲ. ಆದರೆ ತಿಂಗಳ ಕೊನೆಗೆ ಮಾಲಕರ ಗಲ್ಲಾಪೆಟ್ಟಿಗೆಯಲ್ಲಿ 5,000 ರೂಪಾಯಿ ಹೆಚ್ಚಿಗೆ ಇಡುತ್ತದೆ."

ಕಾಜುಬಾಗದ ಖಾನಾವಳಿ

ಓದಿದೆ, ಈಗ ಇದು ನನ್ನ ಭಾಷೆಯಲ್ಲಿದೆ. ಆದರೂ ನನ್ನ ಎರಡು ಪ್ರಶ್ನೆ ಹಾಗೆಯೇ ಉಳಿದಿವೆ. ಆ 19,800 ಹಾಕುವವರು ಯಾರು, ನೀವೋ ನಾನೋ? ಸಂಜೆ ಡಬ್ಬಿ ತರುವ ಹುಡುಗನ ಸಂಬಳ ಮತ್ತು ಪೆಟ್ರೋಲು ನಿಮ್ಮ 5 ರೂಪಾಯಿ 15 ಪೈಸೆಯಲ್ಲಿ ಎಲ್ಲಿದೆ?

ಕೋಡಿಬಾಗದ ಹುಡುಗಿ

ಎರಡನೆಯದು ಇಲ್ಲ, ಅಕ್ಕ. ಪ್ರಯೋಗದ ದಿನಗಳಲ್ಲಿ ನಾವೇ ಸೈಕಲ್ಲಿನಲ್ಲಿ ತಂದಿದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಮರುದಿನದ ಊಟ ಕೊಡಲು ಹೋದವರೇ ಖಾಲಿ ಡಬ್ಬಿ ತಂದರೆ ಖರ್ಚಿಲ್ಲ, ಆದರೆ ಆಗ ಸಾರು ರಾತ್ರಿಯಿಡೀ ಡಬ್ಬಿಯಲ್ಲಿ ಉಳಿಯುತ್ತದೆ. 'ಅದೇ ಸಂಜೆ' ಎಂಬ ವಾಕ್ಯವನ್ನು ಸದ್ಯಕ್ಕೆ ಕಂಸದಲ್ಲಿ ಇಟ್ಟಿದ್ದೇನೆ. ಉಂಡ ಮೇಲೆ ಒಮ್ಮೆ ನೀರು ಹಾಕಿ ಕುಲುಕಿ ಚೆಲ್ಲಲು ಗಿರಾಕಿಗಳು ಒಪ್ಪುತ್ತಾರೆಯೇ ಎಂದು ಕೇಳಲು ಸೋಮವಾರ ಹನ್ನೆರಡು ಮಂದಿಯ ಬಳಿ ಹೋಗುತ್ತಿದ್ದೇವೆ.

ಯಲ್ಲಾಪುರ ರಸ್ತೆ

ಹದಿಮೂರನೆಯವನಾಗಿ ನನ್ನನ್ನು ಬರೆದುಕೊಳ್ಳಿ. ನಾನು ತೊಳೆದೇ ಕೊಡುತ್ತೇನೆ, ಆದರೆ ನನ್ನ ಡಬ್ಬಿಯ ರಬ್ಬರು ಬೇರೆ ಬಣ್ಣದ್ದಾಗಿರಲಿ.